ಹದಿಮೂರು ಹಾಳೆಯ ಕ್ಯಾಲೆಂಡರ್

ಅಪ್ಪ ಅಮ್ಮನ ಮದುವೆ ಆದದ್ದು 1986ರ ಮೇ 18ರಂದು, ಭಾನುವಾರ. ಈ ವರ್ಷ ನಲವತ್ತು ತುಂಬುತ್ತದೆ ಎಂದು ಅಕ್ಕ ಫೆಬ್ರವರಿಯಲ್ಲೇ ಫೋನ್ ಮಾಡಿ ನೆನಪಿಸಿದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಕೊಲಾಜ್. ನಲವತ್ತು ವರ್ಷಕ್ಕೆ ನಲವತ್ತು ಫೋಟೋ, ಎಲ್ಲ ಒಂದೇ ಚೌಕಟ್ಟಿನಲ್ಲಿ, ಸಾಗರದ ಮನೆಯ ಹಾಲ್‌ನ ಗೋಡೆಗೆ.

ಕೇಳಲು ಚೆನ್ನಾಗಿತ್ತು. ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಬೇರೆಯೇ ಕಂಡಿತು. ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಚೌಕಟ್ಟಿನಲ್ಲಿ ನಲವತ್ತು ಫೋಟೋ ಕೂರಿಸಿದರೆ ಒಂದೊಂದಕ್ಕೆ ಸಿಗುವುದು ಸುಮಾರು ಮೂರು ಇಂಚಿನ ಜಾಗ. ಐದಾರು ಜನ ಸಾಲಾಗಿ ನಿಂತ ಫೋಟೋವನ್ನು ಮೂರು ಇಂಚಿಗೆ ಇಳಿಸಿದರೆ ಒಬ್ಬೊಬ್ಬರ ಮುಖ ಅವರೆಕಾಳಿನಷ್ಟಾಗುತ್ತದೆ. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಅಮ್ಮ ಕನ್ನಡಕ ಇಲ್ಲದೆ ಅಕ್ಕಿ ಆರಿಸುವುದಿಲ್ಲ. ಮೊದಲ ದಿನ ಹತ್ತಿರ ನಿಂತು ನೋಡುತ್ತಾರೆ. ಆಮೇಲೆ ಅದು ಗೋಡೆಯ ಮೇಲಿನ ಬಣ್ಣದ ಚೌಕಗಳ ಹಾಸು ಮಾತ್ರ. ಕೊಲಾಜ್ ಮಾಡಲೇಬಾರದು ಎಂದೇನೂ ಅಲ್ಲ. ಅದೇ ಚೌಕಟ್ಟಿನಲ್ಲಿ ಒಂದು ದೊಡ್ಡದು, ಸುತ್ತ ಆರೋ ಎಂಟೋ ಚಿಕ್ಕವು ಇದ್ದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುತ್ತದೆ. ನಲವತ್ತು ಮಾತ್ರ ಬೇಡ. ನಾವು ಕೊನೆಗೆ ತಿಂಗಳಿಗೊಂದು ಫೋಟೋದ ಗೋಡೆ ಕ್ಯಾಲೆಂಡರ್ ಮಾಡುವುದೆಂದು ತೀರ್ಮಾನಿಸಿದೆವು. ಎ3 ಅಳತೆ, ಅಂದರೆ 11.7 ಇಂಚು ಅಗಲ, 16.5 ಇಂಚು ಎತ್ತರ. ಮೇಲಿನ ಅರ್ಧ ಫೋಟೋ, ಕೆಳಗಿನ ಅರ್ಧ ತಾರೀಖು. ಜನವರಿಯ ಬದಲು ಮದುವೆಯ ತಿಂಗಳಾದ ಮೇಯಿಂದ ಆರಂಭ.

ಫೋಟೋ ಹುಡುಕಲು ಹೊರಟಾಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ಮನೆಯ ಆಲ್ಬಂಗಳಲ್ಲಿ ಅಮ್ಮ ಇಲ್ಲ. ಮದುವೆಯದರಲ್ಲಿ ಇದ್ದಾಳೆ, ಅಕ್ಕನ ನಾಮಕರಣದಲ್ಲಿ ಇದ್ದಾಳೆ, ಅದಾದ ಮೇಲೆ ಹತ್ತು ಹನ್ನೆರಡು ವರ್ಷ ಹೆಚ್ಚುಕಡಿಮೆ ಕಾಣೆ. ನಮ್ಮ ಹುಟ್ಟುಹಬ್ಬದ ಫೋಟೋ ತೆಗೆಯುವಾಗ ಅವಳು ಒಳಗೆ ಪಾಯಸ ಬಡಿಸುತ್ತಿದ್ದಳು. ಬಹಳ ಮನೆಗಳ ಕಥೆ ಇದೇ ಇರಬೇಕು. ಆ ವರ್ಷಗಳ ಅಮ್ಮ ಸಿಕ್ಕಿದ್ದು ಬೇರೆಯವರ ಆಲ್ಬಂಗಳಲ್ಲಿ. ಚಿಕ್ಕಪ್ಪನ ಮದುವೆ, ಸೋದರತ್ತೆಯ ಮಗಳ ಮದುವೆ, ಪಕ್ಕದ ಮನೆಯವರ ಗೃಹಪ್ರವೇಶ. ಮದುವೆಗೆ ಬಂದವರೆಲ್ಲ ವಧೂವರರ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಪದ್ಧತಿ ಇದೆಯಲ್ಲ, ಅದರಿಂದಾಗಿ ಅಪ್ಪ ಅಮ್ಮ ಜೊತೆಯಾಗಿ, ನೆಟ್ಟಗೆ, ಒಳ್ಳೆಯ ಬಟ್ಟೆಯಲ್ಲಿ ನಿಂತ ಚಿತ್ರಗಳು ನೆಂಟರ ಬೀರುಗಳಲ್ಲಿ ಹರಡಿಕೊಂಡಿದ್ದವು. ಅವನ್ನು ಅವರಿಬ್ಬರೂ ನೋಡಿರುವ ಸಾಧ್ಯತೆ ಕಡಿಮೆ. ಮನೆಯ ಆಲ್ಬಮಿನ ಫೋಟೋಗಳು ಅವರಿಗೆ ಬಾಯಿಪಾಠ ಇರುತ್ತವೆ. ಆದ್ದರಿಂದ ಹುಡುಕಾಟವನ್ನು ಹೊರಗಿನಿಂದ ಶುರು ಮಾಡುವುದು ಮೇಲು.

ಹೀಗೆ ನೂರ ಅರವತ್ತರಷ್ಟು ಸೇರಿದವು. ಅವುಗಳಲ್ಲಿ ಹನ್ನೆರಡನ್ನು ಆರಿಸುವಾಗ ನಾವು ಎರಡೇ ಪ್ರಶ್ನೆ ಇಟ್ಟುಕೊಂಡೆವು. ಒಂದು, ಮುಖ ಎಷ್ಟು ದೊಡ್ಡದು ಬರುತ್ತದೆ? ಫೋಟೋ ಎಷ್ಟು ದೊಡ್ಡದಾಗಿ ಅಚ್ಚಾಗಬೇಕೋ ಅಷ್ಟೇ ಅಳತೆಯ ಕಾಗದದಲ್ಲಿ ಒಂದು ಸಾದಾ ಪ್ರಿಂಟ್ ತೆಗೆದು, ಮುಖದ ಮೇಲೆ ಹತ್ತು ರೂಪಾಯಿಯ ನಾಣ್ಯ ಇಟ್ಟು ನೋಡುತ್ತಿದ್ದೆವು. ಆ ನಾಣ್ಯ 27 ಮಿಲಿಮೀಟರ್ ಅಗಲ. ನಾಣ್ಯ ಇಟ್ಟಾಗ ಮುಖ ಪೂರಾ ಮುಚ್ಚಿಹೋದರೆ ಐದಾರು ಅಡಿ ದೂರದ ಕುರ್ಚಿಯಿಂದ ಆ ಮುಖದ ಭಾವ ಕಾಣುವುದಿಲ್ಲ. ಎಂಟು ಇಂಚು ಎತ್ತರದ ಚಿತ್ರದಲ್ಲಿ ಅಡಿಯಿಂದ ಮುಡಿಯವರೆಗೆ ನಿಂತವರ ಮುಖ ಹೆಚ್ಚೆಂದರೆ ಒಂದು ಇಂಚು ಬರುತ್ತದೆ, ಅಂದರೆ ಅದೂ ನಾಣ್ಯದಡಿ ಹೋಗುತ್ತದೆ. ಅಂಥವನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿಕೊಂಡರೆ ಗೆದ್ದವು. ಕಾಲು, ನೆಲ, ಚಪ್ಪಲಿಗಳನ್ನು ಬಿಟ್ಟುಕೊಡಲು ಯಾರಿಗೂ ಬೇಸರವಿಲ್ಲ.

ಎರಡನೆಯ ಪ್ರಶ್ನೆ, ಇದು ಯಾವ ತಿಂಗಳ ಫೋಟೋ? ಮೊದಲು ವರ್ಷದ ಕ್ರಮದಲ್ಲಿ ಜೋಡಿಸಲು ಹೊರಟಿದ್ದೆ: ಮೊದಲ ಹಾಳೆಗೆ 1986, ಕೊನೆಯದಕ್ಕೆ ಈಗಿನದು. ಅದು ಆಲ್ಬಮಿಗೆ ಸರಿ. ಕ್ಯಾಲೆಂಡರಿನ ಒಂದು ಹಾಳೆ ಗೋಡೆಯ ಮೇಲೆ ಮೂವತ್ತು ದಿನ ಇರುತ್ತದೆ. ಹೊರಗೆ ಮಳೆ ಹೊಯ್ಯುತ್ತಿರುವಾಗ ಗೋಡೆಯ ಮೇಲೂ ಮಳೆ ಇದ್ದರೆ ಚಿತ್ರ ಮನೆಯೊಳಗೆ ಸೇರಿಕೊಳ್ಳುತ್ತದೆ. ಹಳೆಯ ಫೋಟೋಗಳ ಬೆನ್ನಿಗೆ ಸ್ಟುಡಿಯೋದ ಮೊಹರು ಇರುತ್ತದೆ, ಕೆಲವಕ್ಕೆ ಪೆನ್ಸಿಲಿನಲ್ಲಿ ತಾರೀಖು. ಅದಿಲ್ಲದಿದ್ದರೆ ಚಿತ್ರದೊಳಗೇ ಸುಳಿವು ಸಿಗುತ್ತದೆ. ಹೊಸ ಛತ್ರಿ, ಹೊಸ ಯೂನಿಫಾರ್ಮ್, ಅಮ್ಮನ ಕೈಯಲ್ಲಿ ನನ್ನ ಸ್ಲೇಟು: ಜೂನ್. ಜೋಗ ಮೈದುಂಬಿ ಹಿಂದೆ ಬೆಳ್ಳಗೆ ಕಾಣುತ್ತಿದ್ದದ್ದು ಆಗಸ್ಟಿಗೆ. ಸ್ಕೂಟರಿಗೆ ಚೆಂಡುಹೂವಿನ ಹಾರ ಹಾಕಿ ಅಪ್ಪ ನಿಂತದ್ದು ಅಕ್ಟೋಬರಿಗೆ, ಆಯುಧಪೂಜೆಯ ತಿಂಗಳು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಜಾತ್ರೆಯ ಜನಜಂಗುಳಿಯ ನಡುವೆ ಬಳೆ ಅಂಗಡಿಯ ಮುಂದೆ ಅಮ್ಮ ಫೆಬ್ರವರಿಗೆ. ಮಾವಿನಮಿಡಿ ಹರಡಿಕೊಂಡು ಜಗಲಿಯಲ್ಲಿ ಕೂತ ಚಿತ್ರ ಮಾರ್ಚಿಗೆ. ವರ್ಷಗಳು ಹಿಂದುಮುಂದಾದವು. 1994ರ ಪಕ್ಕ 2019 ಬಂತು. ಅದರಿಂದ ಏನೂ ಕೆಡಲಿಲ್ಲ.

ಇನ್ನು ಹಳೆಯ ಫೋಟೋವನ್ನು ಕಂಪ್ಯೂಟರಿಗೆ ತರುವ ಕೆಲಸ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಫೋಟೋಗಳು ಗಾಜಿಗೋ ಪ್ಲಾಸ್ಟಿಕ್ ಹಾಳೆಗೋ ಅಂಟಿಕೊಂಡಿರುತ್ತವೆ. ಎಳೆಯಬಾರದು. ಚಿತ್ರ ಇರುವುದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ಎಳೆದರೆ ಆ ಪದರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನರ್ ಮೇಲೆ ಮಗುಚಿ ಇಟ್ಟರೆ ಸಾಕು. ಬಿಳಿ ಚುಕ್ಕಿಯಂತೆ ಕಾಣುವ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಜೆಲಟಿನ್ ಮೆತ್ತಗಾಗಿ ಮುಖವೇ ಕದಡುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಮೇಲಿನ ಧೂಳು ಹಾರಿಸಿ, ಉಳಿದ ಕಲೆಯನ್ನು ಕಂಪ್ಯೂಟರಿನಲ್ಲಿ ತೆಗೆಯುವುದು ಕ್ಷೇಮ.

ಸ್ಕ್ಯಾನ್ ಮಾಡುವಾಗ ಅಂಗಡಿಯವರು ಎಷ್ಟು ಡಿಪಿಐ ಎಂದು ಕೇಳುತ್ತಾರೆ. ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂದು ಅರ್ಥ. ಅಚ್ಚಿನಲ್ಲಿ ಇಂಚಿಗೆ 300 ಚುಕ್ಕಿ ಇದ್ದರೆ ಕಣ್ಣಿಗೆ ಹಿಡಿದು ನೋಡಿದರೂ ಚಿತ್ರ ನುಣುಪು, 200 ಇದ್ದರೆ ಗೋಡೆ ಕ್ಯಾಲೆಂಡರಿಗೆ ಏನೂ ಕೊರತೆಯಿಲ್ಲ, 150ಕ್ಕಿಂತ ಕೆಳಗೆ ಹೋದರೆ ಹತ್ತಿರದಿಂದ ಮಸುಕು ಕಾಣಲು ತೊಡಗುತ್ತದೆ. ಹಿಂದಿನ ಕಾಲದ ಫೋಟೋ ಐದು ಇಂಚು ಉದ್ದ, ಮೂರೂವರೆ ಇಂಚು ಅಗಲ. ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಉದ್ದಕ್ಕೆ 3000 ಚುಕ್ಕಿ ಸಿಗುತ್ತದೆ. ಅದನ್ನು ನಮ್ಮ ಹಾಳೆಯ 11.7 ಇಂಚಿಗೆ ಹರಡಿದರೆ ಇಂಚಿಗೆ 256. ಧಾರಾಳವಾಯಿತು. ಇದಕ್ಕಿಂತ ಹೆಚ್ಚು ಡಿಪಿಐ ಹಾಕಿದರೆ ಫೈಲ್ ಉಬ್ಬುತ್ತದೆಯೇ ಹೊರತು ಚಿತ್ರ ಸುಧಾರಿಸುವುದಿಲ್ಲ, ಏಕೆಂದರೆ ಆ ಪುಟ್ಟ ಕಾಗದದಲ್ಲಿ ಅದಕ್ಕಿಂತ ಹೆಚ್ಚಿನ ವಿವರವೇ ಇಲ್ಲ.

ವಿವರ ಇರುವುದು ನೆಗೆಟಿವ್‌ನಲ್ಲಿ. ಆಲ್ಬಮಿನ ಹಿಂಬದಿಯ ಲಕೋಟೆಯಲ್ಲಿ ಕಂದು ಪಟ್ಟಿಗಳು ಸಿಕ್ಕರೆ ದಯವಿಟ್ಟು ಎಸೆಯಬೇಡಿ. ನಮಗೆ ಸೋದರಮಾವನ ಮನೆಯಲ್ಲಿ ಅಂಥದೊಂದು ಲಕೋಟೆ ಸಿಕ್ಕಿತು. ಮದುವೆಯ ದಿನ ಸ್ಟುಡಿಯೋದವರು ಕಪ್ಪುಬಿಳುಪಿನಲ್ಲಿ ತೆಗೆಯುತ್ತಿದ್ದಾಗ ಮಾವ ತನ್ನ ಕ್ಯಾಮೆರಾಕ್ಕೆ ಒಂದು ಕಲರ್ ರೀಲು ಹಾಕಿಕೊಂಡು ಬಂದಿದ್ದ. ಹಳೆಯ ನೆಗೆಟಿವ್ 36 ಮಿಲಿಮೀಟರ್ ಉದ್ದ, 24 ಅಗಲ. ಅದರ ಉದ್ದ ಅಗಲದ ಪ್ರಮಾಣಕ್ಕೂ ಐದು ಮೂರೂವರೆಯ ಪ್ರಿಂಟಿನ ಪ್ರಮಾಣಕ್ಕೂ ಹೊಂದಿಕೆ ಇಲ್ಲ. ಹೀಗಾಗಿ ಲ್ಯಾಬಿನಲ್ಲಿ ಪ್ರಿಂಟ್ ಹಾಕುವಾಗ ಪಕ್ಕದ ಒಂದು ಸೀಳು ಯಾವಾಗಲೂ ಹೊರಗೆ ಉಳಿಯುತ್ತಿತ್ತು. ಆ ಸೀಳಿನ ಬಗ್ಗೆ ಆಮೇಲೆ ಹೇಳುತ್ತೇನೆ.

ನೆಂಟರು ಊರೂರುಗಳಿಂದ ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳದು ಬೇರೆ ತಾಪತ್ರಯ. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ, ಉದ್ದದ ಬದಿಗೆ ಸುಮಾರು 1600 ಚುಕ್ಕಿ ಉಳಿಸುತ್ತದೆ. ನಮ್ಮ ಹಾಳೆಯ ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 137. ಮೊಬೈಲಿನಲ್ಲಿ ಲಕಲಕ ಎನ್ನುವ ಚಿತ್ರ ಅಚ್ಚಿನಲ್ಲಿ ಮಂಕಾಗುವುದು ಇದರಿಂದಲೇ. ಕಳಿಸುವವರಿಗೆ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿದರೆ ಇದ್ದದ್ದು ಇದ್ದಹಾಗೆ ಬರುತ್ತದೆ. ಹಳೆಯ ಫೋಟೋವನ್ನು ಅವರು ಮೊಬೈಲಿನಲ್ಲೇ ತೆಗೆದು ಕಳಿಸುವುದಾದರೆ ಹೇಳಬೇಕಾದದ್ದು ಇಷ್ಟು: ಬಿಸಿಲು ನೇರ ಬೀಳದ ಕಿಟಕಿಯ ಬಳಿ ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಫ್ಲಾಶ್ ಆರಿಸಿ, ಮೊಬೈಲನ್ನು ಓರೆ ಮಾಡದೆ ಮೇಲಿನಿಂದ ಸಮವಾಗಿ ಹಿಡಿಯಬೇಕು.

ಬಣ್ಣ ತಿದ್ದುವ ಕೆಲಸದಲ್ಲಿ ನಾನು ಒಂದು ಪೂರ್ತಿ ವಾರ ಕಳೆದೆ. ಸ್ಟುಡಿಯೋದ ಕಪ್ಪುಬಿಳುಪು ಚಿತ್ರಗಳು ನಲವತ್ತು ವರ್ಷವಾದರೂ ಗಟ್ಟಿಯಾಗಿವೆ, ಏಕೆಂದರೆ ಅವುಗಳಲ್ಲಿರುವುದು ಬೆಳ್ಳಿಯ ಕಣ. ಕಲರ್ ಪ್ರಿಂಟಿನಲ್ಲಿರುವುದು ಮೂರು ಬಗೆಯ ಬಣ್ಣದ್ರವ್ಯ. ಆ ಕಾಲದ ಕಾಗದಗಳಲ್ಲಿ ಆಲ್ಬಂ ಮುಚ್ಚಿಟ್ಟ ಕತ್ತಲೆಯಲ್ಲೂ ಹಸಿರು ಬೆರೆತ ನೀಲಿಯದು ಮೊದಲು ಮಾಸುತ್ತದೆ. ಅದು ಹೋದಾಗ ಉಳಿಯುವುದು ಕೆಂಪು. ಅದಕ್ಕೇ ಆ ಕಾಲದ ಮದುವೆಗಳೆಲ್ಲ ಈಗ ಇಟ್ಟಿಗೆ ಬಣ್ಣದ ಬೆಳಕಿನಲ್ಲಿ ನಡೆದಂತೆ ಕಾಣುತ್ತವೆ. ತಿದ್ದಲು ಚಿತ್ರದಲ್ಲಿ ಬೆಳ್ಳಗೆ ಇರಲೇಬೇಕಾದ ಒಂದು ವಸ್ತು ಬೇಕು. ಅಪ್ಪನ ಪಂಚೆಯನ್ನು ಹಿಡಿದುಕೊಂಡೆ. ಪಂಚೆ ಬೆಳ್ಳಗಾಗುವವರೆಗೆ ಕೆಂಪು ಇಳಿಸಿದೆ. ಪಂಚೆ ಬೆಳ್ಳಗಾಯಿತು, ಆದರೆ ಅಮ್ಮನ ಧಾರೆ ಸೀರೆ ನೇರಳೆಯಾಗಿ ಕುಳಿತಿತು. ನಿಜವಾದ ಬಣ್ಣ ಯಾವುದು? ಆ ಸೀರೆ ಇನ್ನೂ ಬೀರುವಿನಲ್ಲಿ ಇದೆ. ಅಕ್ಕ ಊರಿಗೆ ಹೋದಾಗ ಅಮ್ಮ ಸ್ನಾನಕ್ಕೆ ಹೋದ ಸಮಯ ನೋಡಿ ಸೀರೆ ತೆಗೆದು, ಬಿಳಿ ಹಾಳೆಯ ಪಕ್ಕ ಇಟ್ಟು, ಅಂಗಳದ ನೆರಳಿನಲ್ಲಿ ಫೋಟೋ ತೆಗೆದು ಕಳಿಸಿದಳು. ಅದು ಕುಂಕುಮ ಕೆಂಪು, ಅಂಚು ಗಿಣಿಹಸಿರು. ಪಂಚೆಯನ್ನೂ ಸೀರೆಯನ್ನೂ ಎರಡು ಗೂಟ ಮಾಡಿಕೊಂಡು ನಡುವಿನ ಚರ್ಮದ ಬಣ್ಣವನ್ನು ಹದಕ್ಕೆ ತಂದೆ. ಪೂರ್ತಿ ಹೊಸದರಂತೆ ಮಾಡಲು ಹೋಗಲಿಲ್ಲ. ಮುಖದ ಗುರುತನ್ನೂ ಸುಕ್ಕನ್ನೂ ಮುಟ್ಟಲಿಲ್ಲ. ಅಪ್ಪನ ಹಣೆಯ ಮೇಲಿನ ಗಾಯದ ಗೆರೆ ಇಲ್ಲದಿದ್ದರೆ ಅಮ್ಮ ಒಪ್ಪುವವಳಲ್ಲ.

ಕೆಳಗಿನ ಅರ್ಧ, ಅಂದರೆ ತಾರೀಖಿನ ಭಾಗ, ಮೇಲಿನ ಅರ್ಧದಷ್ಟೇ ಮುಖ್ಯ. ಉಡುಗೊರೆಯ ಕ್ಯಾಲೆಂಡರುಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಅಂಕಿಗಳು ಚಿಕ್ಕವಾಗಿ, ನಾಜೂಕಾಗಿ, ತಿಳಿ ಬೂದು ಬಣ್ಣದಲ್ಲಿ ಇರುತ್ತವೆ. ಅದನ್ನು ಹಾಲ್‌ನಲ್ಲಿ ತೂಗುಹಾಕಿ, ನಿಜವಾದ ಕೆಲಸಕ್ಕೆ ಅಡುಗೆಮನೆಯ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಟ್ಟುಕೊಳ್ಳುತ್ತಾರೆ. ನಮ್ಮದು ಅಡುಗೆಮನೆಗೇ ಹೋಗಬೇಕೆಂದು ನನ್ನ ಆಸೆ. ಅಮ್ಮ ಹಾಲು ಬಂದದ್ದು ಬಿಟ್ಟದ್ದು, ಸಿಲಿಂಡರ್ ಹಚ್ಚಿದ ದಿನ, ಎಲ್ಲವನ್ನೂ ತಾರೀಖಿನ ಮನೆಯೊಳಗೇ ಬರೆಯುತ್ತಾಳೆ. ಆದ್ದರಿಂದ ಅಂಕಿ ಕಪ್ಪಗೆ, ದೊಡ್ಡದಾಗಿ, ಅದರ ಕೆಳಗೆ ಬೆರಳಗಲ ಖಾಲಿ ಜಾಗ. ಕಾಗದ ಮ್ಯಾಟ್. ಮಿರುಗುವ ಆರ್ಟ್ ಪೇಪರಿನ ಮೇಲೆ ಬಾಲ್‌ಪೆನ್ ಜಾರುತ್ತದೆ, ಸಂಜೆ ಟ್ಯೂಬ್‌ಲೈಟಿನ ಬಿಳಿ ಗೆರೆ ಸರಿಯಾಗಿ ಮುಖದ ಮೇಲೆ ಬೀಳುತ್ತದೆ.

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೆ. ವಾರದ ಏಳು ದಿನಕ್ಕೆ ಏಳು ಕಂಬ, ಕೆಳಗೆ ಐದು ಸಾಲು ಎಂದು ಚೌಕ ಹಾಕಿಬಿಟ್ಟೆ. 2026ರ ಮೇ ಒಂದು ಶುಕ್ರವಾರ. ಭಾನುವಾರದಿಂದ ಎಣಿಸಿದರೆ ಮೊದಲ ಐದು ಮನೆ ಖಾಲಿ, ಆಮೇಲೆ 31 ದಿನ, ಒಟ್ಟು 36. ಐದು ಸಾಲಿನಲ್ಲಿ 35 ಮನೆ ಮಾತ್ರ. ಆಗಸ್ಟಿಗೂ ಜನವರಿಗೂ ಇದೇ ಕಥೆ. ಅಂಗಡಿ ಕ್ಯಾಲೆಂಡರುಗಳಲ್ಲಿ 30, 31 ಹೋಗಿ 23, 24ರ ಮನೆಯಲ್ಲಿ ಓರೆಗೆರೆಯ ಕೆಳಗೆ ಕೂರುವುದು ಇದೇ ಕಾರಣಕ್ಕೆ. ಹಾಲಿನ ಲೆಕ್ಕ ಬರೆಯುವವರಿಗೆ ಅದು ಆಗಿಬರುವುದಿಲ್ಲ. ಎಲ್ಲ ಹಾಳೆಗೂ ಆರು ಸಾಲು ಇಟ್ಟು ಚೌಕವನ್ನು ಮತ್ತೆ ಹಾಕಿದೆ.

ಆಮೇಲೆ ತಿಥಿ. ಅಮಾವಾಸ್ಯೆ, ಹುಣ್ಣಿಮೆ, ಏಕಾದಶಿ, ಸಂಕಷ್ಟಿ, ಹಬ್ಬಗಳು. ಇವನ್ನು ಎಲ್ಲಿಂದಲೋ ಎತ್ತಬಾರದು. ಏಕಾದಶಿ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಇನ್ನೊಂದು ದಿನ ಬರುವುದುಂಟು. ಮನೆಯಲ್ಲಿ ಯಾವ ಪಂಚಾಂಗ ನೋಡುತ್ತಾರೋ ಅದರಿಂದಲೇ ಬರೆದುಕೊಳ್ಳಬೇಕು. ಅಜ್ಜ ಅಜ್ಜಿಯ ಶ್ರಾದ್ಧದ ತಿಥಿಗಳನ್ನು ಅಪ್ಪ ಪ್ರತಿವರ್ಷ ಯುಗಾದಿಯ ದಿನ ಪಂಚಾಂಗ ನೋಡಿ ಚೀಟಿಯಲ್ಲಿ ಬರೆದಿಡುತ್ತಾನೆ. ಆ ಚೀಟಿಯ ಫೋಟೋವನ್ನೂ ಅಕ್ಕ ಸಂಪಾದಿಸಿ ಕಳಿಸಿದಳು.

ತಿಥಿ ತುಂಬುತ್ತಾ ಹೋದಾಗ ಒಂದು ವಿಚಿತ್ರ ಹೊರಬಿತ್ತು. ಅಪ್ಪ ಅಮ್ಮನ ಮದುವೆ ಆದದ್ದು ವೈಶಾಖ ಶುಕ್ಲ ಪಕ್ಷದಲ್ಲಿ. ಈ ವರ್ಷ ಮೇ 17ರಿಂದ ಅಧಿಕ ಜ್ಯೇಷ್ಠ. ಅಧಿಕ ಮಾಸ ಬರುವ ವರ್ಷದಲ್ಲಿ ಅದಕ್ಕೆ ಮುಂಚಿನ ತಿಂಗಳುಗಳು ಬೇಗ ಬಂದಿರುತ್ತವೆ, ಹಾಗಾಗಿ ಅವರ ತಿಥಿ ಏಪ್ರಿಲ್ ಕೊನೆಯಲ್ಲೇ ಮುಗಿದಿತ್ತು. ಅಧಿಕ ಮಾಸ ಕಳೆದ ಮೇಲೆ ಎಲ್ಲ ಮುಂದಕ್ಕೆ ಹೋಗಿ, 2027ರಲ್ಲಿ ವೈಶಾಖ ಶುಕ್ಲ ಬರುವುದು ಮೇ ತಿಂಗಳಲ್ಲಿ. ಮೇಯಿಂದ ಏಪ್ರಿಲ್‌ವರೆಗಿನ ನಮ್ಮ ಹನ್ನೆರಡು ಹಾಳೆಯಲ್ಲಿ ಅವರ ಮದುವೆಯ ತಿಥಿ ಒಂದು ಸಲವೂ ಬರುತ್ತಿರಲಿಲ್ಲ! ಅಮ್ಮ ತಾರೀಖಿಗಿಂತ ತಿಥಿಯನ್ನೇ ಹಿಡಿಯುವವಳು. ಮದುವೆಯ ಕ್ಯಾಲೆಂಡರಿನಲ್ಲಿ ಮದುವೆಯ ದಿನವೇ ಇಲ್ಲದಿದ್ದರೆ ಹೇಗೆ? 2027ರ ಮೇಗೆ ಹದಿಮೂರನೆಯ ಹಾಳೆ ಸೇರಿಸಿದೆವು.

ಫೋಟೋವನ್ನು ಹಾಳೆಯಲ್ಲಿ ಕೂರಿಸುವಾಗ ನೆನಪಿಡಬೇಕಾದದ್ದು ಎರಡು ಅಂಚುಗಳ ಸಂಗತಿ. ಪ್ರೆಸ್ಸಿನಲ್ಲಿ ಹಾಳೆಗಳನ್ನು ಒಟ್ಟಿಗೆ ಇಟ್ಟು ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ಅದಕ್ಕಾಗಿ ಚಿತ್ರವನ್ನು ಸುತ್ತಲೂ 3 ಮಿಲಿಮೀಟರ್ ಹೊರಗೆ ಚಾಚಿಸಿ ಕೊಡಬೇಕು, ಇಲ್ಲದಿದ್ದರೆ ಪಕ್ಕದಲ್ಲಿ ಬಿಳಿ ಗೆರೆ ಉಳಿಯುತ್ತದೆ. ಮೇಲಿನ ಅಂಚಿನಲ್ಲಿ ವೈರೋ ತಂತಿಯ ತೂತುಗಳು ಒಂದು ಸೆಂಟಿಮೀಟರಿನಷ್ಟು ತಿನ್ನುತ್ತವೆ. ಅಪ್ಪನ ಪೇಟ ಅಲ್ಲಿಗೆ ಬಂದರೆ ಪೇಟಕ್ಕೆ ತೂತು ಬಿತ್ತು. ತಲೆಯ ಮೇಲೆ ಎರಡು ಬೆರಳು ಜಾಗ ಬಿಟ್ಟೇ ಚಿತ್ರ ಕತ್ತರಿಸಿಕೊಳ್ಳಬೇಕು. ಉದ್ದುದ್ದ ನಿಂತ ಫೋಟೋಗಳನ್ನು ಅಡ್ಡ ಜಾಗಕ್ಕೆ ಹಿಗ್ಗಿಸಲು ಹೋಗದೆ, ಎರಡನ್ನು ಪಕ್ಕಪಕ್ಕ ಇಟ್ಟೆ. ಆಗ ಒಬ್ಬರು ಇನ್ನೊಬ್ಬರ ಕಡೆ ನೋಡುವಂತೆ ಇಡುವುದು ಲೇಸು. ಬೆನ್ನು ತಿರುಗಿಸಿ ನಿಂತಂತೆ ಕಂಡರೆ ಇಡೀ ತಿಂಗಳು ಮುನಿಸಿಕೊಂಡಂತೆ ಇರುತ್ತದೆ.

ಎಲ್ಲ ಮುಗಿಸಿ ಬಡಾವಣೆಯ ಡಿಜಿಟಲ್ ಪ್ರೆಸ್ಸಿಗೆ ಕೊಟ್ಟಾಗ ಮೊದಲು ಒಂದೇ ಹಾಳೆ ಅಚ್ಚು ಹಾಕಿಸಿದ್ದು ಒಳ್ಳೆಯದಾಯಿತು. ಮುಖಗಳೆಲ್ಲ ಒಂದು ಪಟ್ಟು ಕಪ್ಪಾಗಿ ಬಂದಿದ್ದವು. ಪರದೆ ತಾನೇ ಬೆಳಕು ಬೀರುತ್ತದೆ, ಕಾಗದ ಬೀರುವುದಿಲ್ಲ. ಪರದೆಯಲ್ಲಿ ಸ್ವಲ್ಪ ಹೆಚ್ಚೇ ಬೆಳ್ಳಗಾಯಿತು ಅನಿಸುವಷ್ಟು ಮುಖದ ಭಾಗವನ್ನು ಎತ್ತಿಕೊಟ್ಟಾಗ ಕಾಗದದಲ್ಲಿ ಸರಿಬಂತು. ಇನ್ನೊಂದು ದೋಷ ಅಕ್ಷರದ್ದು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನನ್ನ ಕನ್ನಡ ಫಾಂಟ್ ಇರಲಿಲ್ಲ, ಒತ್ತಕ್ಷರಗಳು ಬಿಡಿಸಿಕೊಂಡು ಹುಣ್ಣಿಮೆ ಎಂಬುದು ‘ಹುಣ್‌ಣಿಮೆ’ ಆಗಿತ್ತು. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿಕೊಟ್ಟರೆ ಈ ತೊಂದರೆ ಇಲ್ಲ. ಆದರೂ ಜ್ಯೇಷ್ಠ, ಸಂಕ್ರಾಂತಿ, ಕೃಷ್ಣಾಷ್ಟಮಿಯಂಥ ಒತ್ತು ತುಂಬಿದ ಪದಗಳನ್ನು ಅಚ್ಚಾದ ಹಾಳೆಯಲ್ಲೇ ಬೆರಳಿಟ್ಟು ಓದಿ ನೋಡಬೇಕು.

ಹದಿಮೂರನೆಯ ಹಾಳೆಗೆ ಫೋಟೋ ಹಾಕಲಿಲ್ಲ. ಕೆನೆ ಬಣ್ಣದ ಖಾಲಿ ಜಾಗ, ನಾಲ್ಕು ಮೂಲೆಯಲ್ಲಿ ಹಳೆಯ ಆಲ್ಬಮಿನ ಮೂಲೆಕಟ್ಟುಗಳ ಚಿತ್ರ. ಮೇ 18ರ ಸಂಜೆ ತೆಗೆದ ಫೋಟೋವನ್ನು ಅಲ್ಲಿ ಅಂಟಿಸುವುದೆಂದು ಲೆಕ್ಕ. ಮ್ಯಾಟ್ ಕಾಗದವಾದ್ದರಿಂದ ಅಂಟು ಹಿಡಿಯುತ್ತದೆ.

ಆ ದಿನ ಊಟವಾದ ಮೇಲೆ ಅಕ್ಕ ಕ್ಯಾಲೆಂಡರನ್ನು ಅಮ್ಮನ ತೊಡೆಯ ಮೇಲಿಟ್ಟಳು. ಮೇ ತಿಂಗಳ ಹಾಳೆಯಲ್ಲಿ ಮಾವನ ನೆಗೆಟಿವ್‌ನಿಂದ ತೆಗೆದ ಧಾರೆಯ ಚಿತ್ರ. ಅಮ್ಮ ತನ್ನನ್ನೂ ನೋಡಿಕೊಳ್ಳಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎಡ ಅಂಚಿಗೆ ಬೆರಳಿಟ್ಟಳು. ನಲವತ್ತು ವರ್ಷ ಪ್ರಿಂಟಿನಿಂದ ಹೊರಗೇ ಉಳಿದಿದ್ದ ಆ ಸೀಳಿನಲ್ಲಿ ಆರತಿ ತಟ್ಟೆ ಹಿಡಿದ ಕೈ, ಎರಡು ಬಳೆ, ಮುಖದ ಒಂದು ಪಕ್ಕ.

“ಇದು ನಮ್ಮಮ್ಮ ಅಲ್ವನೇ?” ಎಂದು ಅಕ್ಕನನ್ನು ಕೇಳಿದಳು. “ಮದುವೆ ದಿನ ಅವಳು ಒಂದು ಫೋಟೋದಲ್ಲೂ ಇಲ್ಲ ಅಂತಿದ್ರು.”

ಅಪ್ಪ ಮೊಳೆ ಸುತ್ತಿಗೆ ತರಲು ಎದ್ದ. ಎಲ್ಲಿಗೆ ಹೊಡೆಯಲಿ ಎಂದು ಹಾಲ್‌ನಲ್ಲಿ ನಿಂತು ಕೇಳಿದ. ಅಡುಗೆಮನೆಗೆ, ಒಲೆಯ ಎದುರಿನ ಗೋಡೆಗೆ ಎಂದಳು ಅಮ್ಮ.